ಹನ್ನೆರಡು ಕುರ್ಚಿಗಳ ಬಾಕಿ

ಕುರ್ಚಿಗಳಿಗೆ ಸ್ಪಂಜು ತುಂಬಿ ಬಟ್ಟೆ ಹೊದಿಸುವ ಕುಶನ್ ಅಣ್ಣನ ಸಂಕೋಚವನ್ನು ಊರಿಗೆಲ್ಲ ಹಂಚಿದ್ದರೂ ಮನೆಗೊಂದು ಮೂಟೆ ಉಳಿಯುತ್ತಿತ್ತು. ಹಣ ಕೊಡಬೇಕಾದವರು ಎದುರಾದರೆ ತಾನೇ ಸಾಲಗಾರನಂತೆ ಪಕ್ಕದ ಗಲ್ಲಿಗೆ ನುಗ್ಗುತ್ತಿದ್ದ. ಅವರ ಕರೆ ಬಂದರೆ ಫೋನನ್ನೇ ಸ್ಪಂಜಿನ ರಾಶಿಯಡಿ ಹೂತುಬಿಡುತ್ತಿದ್ದ. ‘ಇನ್ನೂ ದುಡ್ಡು ಹೊಂದಿಸೋಕಾಗಿಲ್ಲ ಅಂತ ಹೇಳೋಕೆ ಪಾಪ ಅವರಿಗೆಷ್ಟು ಕಷ್ಟ!’ ಎನ್ನುತ್ತಿದ್ದ.

ಈ ಸಲದ ಬಾಕಿ ಹಲ್ಲಿನ ಡಾಕ್ಟರಮ್ಮನದು. ಅತ್ತ ಅವನ ಹೊಲಿಗೆ ಯಂತ್ರ ರಿಪೇರಿಯಾಗಿ ಮೆಕ್ಯಾನಿಕ್ಕನ ಬಳಿಯೇ ಕೂತಿತ್ತು. ಕೂಲಿ ಕೈಗೆ ಬಾರದೆ ಆತ ಬಿಡುವಂತಿರಲಿಲ್ಲ. ಯಂತ್ರ ಬಾರದೆ ಅಂಗಡಿ ನಡೆಯುವಂತಿರಲಿಲ್ಲ.

ಹೆಂಡತಿಯ ಕಾಟಕ್ಕೆ ಅವನು ಒಂದು ಕಾಗದ ಬರೆದ. ಮೂರು ಪುಟ ಬರೀ ಕುಶಲ ವಿಚಾರಣೆ.

“ಏನ್ರೀ ಇದು? ಓದಿದ್ರೆ ನಾವೇ ಅವರಿಗೆ ಕೊಡಬೇಕು ಅನ್ಸುತ್ತೆ.”

“ನಿನ್ನ ಹಲ್ಲನ್ನ ನೋವೇ ಆಗದ ಹಾಗೆ ಕಿತ್ತ ಕೈ ಕಣೇ ಅದು.”

“ಅದಕ್ಕೆ ಫೀಸು ತಗೊಳ್ಳೋವಾಗ ಆ ಕೈ ನಡುಗ್ಲಿಲ್ಲವಲ್ಲ? ಸರೀರಿ ಅತ್ಲಾಗೆ.”

ಅವಳು ಪಾಸ್‌ಬುಕ್ ಎದುರಿಟ್ಟುಕೊಂಡು ಬರೆದಳು:

“ಮಾನ್ಯರೇ, ಕ್ಲಿನಿಕ್ಕಿನ ಹನ್ನೆರಡು ಕುರ್ಚಿಗಳ ಕೆಲಸಕ್ಕೆ ಸಂಬಂಧಿಸಿದ ಬಿಲ್ ಸಂಖ್ಯೆ 47ರ ಮೊತ್ತ, 38,400 ರೂಪಾಯಿ, ಇನ್ನೂ ನಮಗೆ ತಲುಪಿಲ್ಲ. ಪಾವತಿಯ ಗಡುವು ಕಳೆದ ತಿಂಗಳ ಕೊನೆಗೇ ಮುಗಿದಿದೆ. ಬರುವ ಶುಕ್ರವಾರದೊಳಗೆ ಕೆಳಗಿನ ಖಾತೆಗೆ ಜಮಾ ಮಾಡಬೇಕಾಗಿ ವಿನಂತಿ. ಈಗಾಗಲೇ ಪಾವತಿಸಿದ್ದಲ್ಲಿ ದಯವಿಟ್ಟು ವಿವರ ತಿಳಿಸಿ.” ಕೆಳಗೆ ಹೆಸರು, ಬ್ಯಾಂಕು, ಶಾಖೆ, ಖಾತೆ ಸಂಖ್ಯೆ. ಜೊತೆಗೆ ಬಿಲ್ಲಿನ ಪ್ರತಿ.

“ಸ್ವಲ್ಪ ಖಾರ ಆಯ್ತೇನೋ” ಎಂದ.

“ಖಾರ ಎಲ್ಲಿದೆ? ಎರಡು ಸಲ ನಮಸ್ಕಾರ ಹಾಕೋದೊಂದು ಬಾಕಿ.”

ಮರುದಿನ ಫೋನ್ ಬಡಿದುಕೊಂಡಿತು. ಅವನ ಕೈ ಸ್ಪಂಜಿನತ್ತ ಹೊರಡುವಷ್ಟರಲ್ಲಿ ಹೆಂಡತಿ ಕಿತ್ತುಕೊಂಡಳು. ಕ್ಲಿನಿಕ್ಕಿನ ಲೆಕ್ಕ ನೋಡುವ ಹೆಂಗಸು.

“ಬಿಲ್ಲಲ್ಲಿ ಒಂದು ಖಾತೆ, ನಿಮ್ಮ ಕಾಗದದಲ್ಲಿ ಇನ್ನೊಂದು. ಕೇಳದೆ ಹಾಕಲ್ಲಮ್ಮ. ಬಿಲ್ ಬಂದ ವಾರವೇ ಹಾಕಿದ್ವಿ. ಆ ಖಾತೆ ಮುಚ್ಚಿದೆ ಅಂತ ವಾಪಸ್ ಬಂತು. ಫೋನ್ ಮಾಡಿ ಮಾಡಿ ಸಾಕಾಯ್ತು!”

ಹೆಂಡತಿ ಗಂಡನತ್ತ ಬೀರಿದ ನೋಟಕ್ಕೆ ಸ್ಪಂಜಿಗೂ ಬೆಂಕಿ ಹತ್ತಬೇಕಿತ್ತು. ಈ ವರ್ಷವಷ್ಟೇ ಬ್ಯಾಂಕು ಬದಲಿಸಿದ್ದ ಮಹಾಶಯ, ರಬ್ಬರು ಇನ್ನೂ ಸವೆದಿಲ್ಲವೆಂದು ಬಿಲ್ಲಿಗೆ ಹಳೆಯ ಖಾತೆ ಸಂಖ್ಯೆಯ ಮುದ್ರೆಯನ್ನೇ ಒತ್ತಿದ್ದ. ಅವಳು ಫೋನನ್ನು ಅವನ ಕಿವಿಗೆ ಹಿಡಿದಳು.

“ಡಾಕ್ಟರಮ್ಮನಿಗೆ ಬೇಜಾರಾಯ್ತಾ?” ಎಂದು ಕೇಳಿದ.

“ಆಗದೆ ಇರುತ್ತಾ? ಅಣ್ಣನಿಗೆ ನಮ್ಮ ಮೇಲೆ ಕೋಪ ಅಂತಿದ್ರು. ನಿಮ್ಮ ಕುರ್ಚಿಯಲ್ಲಿ ಕೂತೋರು ಹಲ್ಲು ಕೀಳಿಸ್ಕೊಂಡ ಮೇಲೂ ಎದ್ದು ಹೋಗ್ತಿಲ್ಲ ಸ್ವಾಮಿ!”

ಅವನು ನಕ್ಕ. ಪಾಸ್‌ಬುಕ್ ತೆಗೆದು, ಒಂದೊಂದೇ ಅಂಕಿಯನ್ನು ಬಿಡಿಸಿ ಬಿಡಿಸಿ ಹೇಳಿದ.

ಸಂಜೆಗೆ ಹಣ ಬಂತು. ಮೆಕ್ಯಾನಿಕ್ಕನ ಕೂಲಿ ತೀರಿಸಿ ಗಂಡ ಹೆಂಡತಿ ಯಂತ್ರವನ್ನು ಆಚೆ ಈಚೆ ಹಿಡಿದು ತರುತ್ತಿದ್ದರು.

“ನೀನು ಬರೆದಿದ್ದೇ ಸರಿ ಕಣೇ.”

“ಹೊಗಳೋದು ಆಮೇಲೆ. ಮೊದಲು ಮುಂದೆ ನೋಡ್ಕೊಂಡು ನಡೀರಿ” ಎಂದಳು ಅವಳು. ಅವನಿಗೆ ಭಾರವಾದೀತೆಂದು ಅಷ್ಟರಲ್ಲಾಗಲೇ ಯಂತ್ರವನ್ನು ತುಸು ತನ್ನ ಕಡೆಗೇ ವಾಲಿಸಿಕೊಂಡಿದ್ದಳು.