ಒಂದಕ್ಕೊಂದು ಫ್ರೀ ಅಂದ ತೊಗರಿಬೇಳೆ

ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಪಾರ್ಸೆಲ್ ತೂಗಿದವಳು ನಾನು. ತೂಕ ಮಿತಿಗಿಂತ ಒಂದು ಗ್ರಾಂ ಮೇಲೆ ಹೋದರೂ ದರ ಮುಂದಿನ ಹಂತಕ್ಕೆ ಹೋಗುತ್ತಿತ್ತು. ಜನ ಜಗಳಕ್ಕೆ ಬರುತ್ತಿದ್ದರು, ನಾನು ತಕ್ಕಡಿ ತೋರಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ತಕ್ಕಡಿ ಅಲ್ಲೇ ಉಳಿಯಿತು, ಅಭ್ಯಾಸ ಮಾತ್ರ ನನ್ನ ಜೊತೆ ಕತ್ರಿಗುಪ್ಪೆಯ ಮನೆಗೆ ಬಂತು. ದಿನಸಿ ತರಲು ಹೋದಾಗ ಪೊಟ್ಟಣದ ಬೆಲೆಗಿಂತ ಮೊದಲು ನನ್ನ ಕಣ್ಣು ತೂಕದ ಮೇಲೆ ಬೀಳುತ್ತದೆ.

ಹತ್ತು ರೂಪಾಯಿಯ ಬಿಸ್ಕತ್ತು ಹತ್ತು ರೂಪಾಯಿಯೇ ಉಳಿದು, ಒಳಗಿನ ನೂರು ಗ್ರಾಂ ಎಂಬತ್ತೆಂಟಾದದ್ದನ್ನು ಮನೆಯಲ್ಲಿ ಮೊದಲು ಕಂಡುಹಿಡಿದದ್ದು ನಾನೇ. ಒಂದು ಲೀಟರ್ ಎಣ್ಣೆ ಸುಮಾರು ಒಂಬೈನೂರ ಹತ್ತು ಗ್ರಾಂ ತೂಗುತ್ತದೆ. ಅದೇ ಗಾತ್ರದ, ಅದೇ ಬಣ್ಣದ ಇನ್ನೊಂದು ಪ್ಯಾಕೆಟ್ಟಿನಲ್ಲಿ ಎಂಟುನೂರ ನಲವತ್ತೇ ಗ್ರಾಂ ಇತ್ತು. ಎಂಟು ರೂಪಾಯಿ ಕಡಿಮೆ ಅಂತ ಅದನ್ನೇ ಎತ್ತಿಕೊಳ್ಳುತ್ತಿದ್ದ ನಮ್ಮ ಯಜಮಾನರ ಕೈ ಹಿಡಿದು ನಿಲ್ಲಿಸಿದ್ದೆ. ಅವರಿಗೆ ಅವಮಾನವಾಯಿತು.

"ಐದು, ಹತ್ತು ರೂಪಾಯಿಗೆ ಅಂಗಡಿ ಮಧ್ಯ ನಿಂತ್ಕೊಂಡು ಲೆಕ್ಕ ಹಾಕ್ತೀಯಲ್ಲ, ನಮಗೇನು ಪೆನ್ಶನ್ ಬರಲ್ವಾ?" ಎಂದರು.

"ಬರತ್ತೆ. ಬರತ್ತೆ ಅಂತ ಮೋಸ ಹೋಗ್ಬೇಕಾ?" ಎಂದೆ.

ನಾನೂ ಮೋಸ ಹೋಗಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಕೆಜಿಗೆ ಆರು ರೂಪಾಯಿ ಉಳಿಯುತ್ತದೆಂದು ಒಮ್ಮೆ ಹತ್ತು ಕೆಜಿಯ ಗೋಧಿಹಿಟ್ಟಿನ ಚೀಲ ಹೊತ್ತುತಂದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮನೆಯಲ್ಲಿ ಇರುವವರು ಇಬ್ಬರು, ಒಬ್ಬರಿಗೆ ಚಪಾತಿ ಕಂಡರೆ ಆಗದು. ಮೂರನೇ ತಿಂಗಳಿಗೆ ಹಿಟ್ಟಿನಲ್ಲಿ ಹುಳ ಹರಿದಾಡಿತು. ನಾಲ್ಕು ಕೆಜಿ ಎಸೆದೆ. ಉಳಿಸಿದ್ದು ಅರವತ್ತು ರೂಪಾಯಿ, ಕಳೆದದ್ದು ಅದರ ಎರಡರಷ್ಟಕ್ಕಿಂತ ಹೆಚ್ಚು. ಯಜಮಾನರು ಪೇಪರಿನ ಹಿಂದೆ ನಕ್ಕರು. ಅಂದಿನಿಂದ ಕೆಜಿಗೆ ಎಷ್ಟು ಎನ್ನುವುದರ ಜೊತೆಗೆ, ಕೆಡುವ ಮೊದಲು ನಾವು ತಿಂದು ಮುಗಿಸುವುದು ಎಷ್ಟು ಎಂದೂ ಕೇಳಿಕೊಳ್ಳುತ್ತೇನೆ.

ಯುಗಾದಿಗೆ ಎರಡು ವಾರ ಮುಂಚೆ ನಡೆದದ್ದು ಇದು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಎರಡು ಅಂತಸ್ತಿನ ಸೂಪರ್‌ಮಾರ್ಕೆಟ್ ತೆರೆದಿತ್ತು. ನಮ್ಮ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ಹೆಂಗಸಿಗೆ ಅಲ್ಲೇ ಕೆಲಸ. ಗದಗದ ಕಡೆಯವಳು, ಮೂವತ್ತೈದರ ಆಸುಪಾಸು, ಐದನೇ ಕ್ಲಾಸಿನ ಮಗಳೊಬ್ಬಳು. ಅಂದು ನಾನು ಒಳಗೆ ಹೋದಾಗ ಬಾಗಿಲ ಎದುರಿಗೇ ತೊಗರಿಬೇಳೆಯ ದೊಡ್ಡ ರಾಶಿ, ಮೇಲೆ ಕೆಂಪು ಬೋರ್ಡು, ಒಂದು ಕೊಂಡರೆ ಒಂದು ಫ್ರೀ. ಪಕ್ಕದಲ್ಲಿ ಹಳದಿ ಟೀಶರ್ಟ್ ತೊಟ್ಟು ಅವಳು ನಿಂತಿದ್ದಳು.

"ಬರ್ರಿ ಅಮ್ಮಾರ, ಒಂದಕ್ಕ ಒಂದು ಫ್ರೀ ಐತ್ರಿ," ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಪೊಟ್ಟಣ ತಿರುಗಿಸಿದೆ. ಅರ್ಧ ಕೆಜಿ, ಎಂಆರ್‌ಪಿ ನೂರ ಅರವತ್ತೈದು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಗ್ರಾಂಗೆ ಮೂವತ್ತಮೂರು ಪೈಸೆ ಎಂದು ಅಚ್ಚಾಗಿತ್ತು. ಈಗೀಗ ಪೊಟ್ಟಣಗಳ ಮೇಲೆ ಹೀಗೆ ಹಾಕುತ್ತಾರೆ. ಆದರೆ ಅದು ಎಂಆರ್‌ಪಿಯ ಲೆಕ್ಕ, ಅಂಗಡಿಯವನು ಮಾರುವ ದರದ್ದಲ್ಲ. ಕೆಜಿಗೆ ಮುನ್ನೂರ ಮೂವತ್ತು ರೂಪಾಯಿಯ ತೊಗರಿಬೇಳೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಹೋದ ತಿಂಗಳು ಇದೇ ಹೆಸರಿನ ಅರ್ಧ ಕೆಜಿಯನ್ನು ಇದೇ ಅಂಗಡಿಯಲ್ಲಿ ಎಪ್ಪತ್ತನಾಲ್ಕಕ್ಕೆ ಕೊಂಡಿದ್ದೆ. ಬಿಲ್ಲು ಇನ್ನೂ ಪರ್ಸಿನಲ್ಲಿತ್ತು. ಎರಡಕ್ಕೆ ನೂರ ನಲವತ್ತೆಂಟಾಗುತ್ತಿತ್ತು. ಈಗ ಅವೇ ಎರಡು ನೂರ ಅರವತ್ತೈದು. ಫ್ರೀ ಎಂಬ ಪೊಟ್ಟಣಕ್ಕೆ ನಾನು ಹದಿನೇಳು ರೂಪಾಯಿ ಹೆಚ್ಚು ಕೊಡಬೇಕಿತ್ತು.

ಬೇಳೆಯ ಸಾಲಿಗೆ ಹೋಗಿ ಸೊಂಟ ಬಗ್ಗಿಸಿ ನೋಡಿದೆ. ಎಲ್ಲಕ್ಕಿಂತ ಕೆಳಗಿನ ಶೆಲ್ಫಿನಲ್ಲಿ, ನೆಲಕ್ಕೆ ತಾಗುವಂತೆ, ಅದೇ ಬೇಳೆಯ ಒಂದು ಕೆಜಿ ಪೊಟ್ಟಣಗಳಿದ್ದವು. ನೂರ ಮೂವತ್ತೊಂಬತ್ತು ರೂಪಾಯಿ. ನೋಟ್‌ಬುಕ್ ತೆಗೆದು ಬರೆದುಕೊಂಡೆ. ಎದ್ದು ನಿಲ್ಲುವಾಗ ನನಗಿಂತ ಹಿರಿಯರೊಬ್ಬರು ರಾಶಿಯಿಂದ ನಾಲ್ಕು ಪೊಟ್ಟಣ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ಗಿರಿನಗರದಿಂದ ಆಟೋ ಮಾಡಿಕೊಂಡು ಬಂದಿದ್ದಾರಂತೆ.

"ಒಂದ್ನಿಮಿಷ ಮೇಡಂ," ಎಂದೆ. "ಒಂದು ಕೆಜಿದು ಕೆಳಗಿದೆ, ನೂರ ಮೂವತ್ತೊಂಬತ್ತು. ನೀವು ಕೆಜಿಗೆ ನೂರ ಅರವತ್ತೈದು ಕೊಡ್ತಿದೀರ."

"ಫ್ರೀ ಅಂತ ಹಾಕಿದಾರಲ್ರೀ?" ಎಂದರು ಅವರು.

"ಹಾಕಿದಾರೆ. ನೀವೇ ಕೂಡಿ ನೋಡಿ."

ಅಷ್ಟರಲ್ಲಿ ಮ್ಯಾನೇಜರ್ ಬಂದ. ಟೈ ಕಟ್ಟಿದ್ದ, ಮಾತು ನಯವಾಗಿತ್ತು. "ಮೇಡಂ, ಬೇರೆ ಕಸ್ಟಮರ್ಸ್‌ಗೆ ಡಿಸ್ಟರ್ಬ್ ಮಾಡ್ಬೇಡಿ."

"ನಾನೂ ಕಸ್ಟಮರ್ರೇ."

"ಇಲ್ಲಿ ಬರ್ಕೊಳ್ಳೋ ಹಾಗಿಲ್ಲ. ರೇಟ್ ನೋಟ್ ಮಾಡ್ಕೊಳ್ಳೋದು ನಮ್ ಪಾಲಿಸಿಗೆ ವಿರುದ್ಧ."

ನಾನು ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದೆ. "ಸರಿ, ಬರೆಯಲ್ಲ. ಬಾಯಲ್ಲೇ ಹೇಳ್ತೀನಿ. ಮೇಲೆ ನೂರ ಅರವತ್ತೈದು, ಕೆಳಗೆ ನೂರ ಮೂವತ್ತೊಂಬತ್ತು. ಬೇಳೆ ಒಂದೇ, ತೂಕ ಒಂದೇ. ಇಪ್ಪತ್ತಾರು ರೂಪಾಯಿ ಜಾಸ್ತಿ."

ನನ್ನ ಕೌಂಟರಿನ ದನಿ ಇನ್ನೂ ಉಳಿದಿದೆ. ಎರಡು ಸಾಲು ಆಚೆಗೂ ಕೇಳಿಸಿತು. ಟ್ರಾಲಿಗಳು ನಿಂತವು.

"ಇಪ್ಪತ್ತಾರು ರೂಪಾಯಿಗೆ ಇಷ್ಟೊಂದು ಗಲಾಟೆನಾ ಮೇಡಂ?" ಎಂದು ಅವನು ನಕ್ಕ.

"ನಿಮಗೆ ಅದು ಅಷ್ಟು ಸಣ್ಣದಾದ್ರೆ, ಅಷ್ಟನ್ನ ಕಡಿಮೆ ಮಾಡಿ ಮಾರಿ."

ಯಾರೋ ನಕ್ಕರು. ಅವನ ಮುಖ ಕೆಂಪಾಯಿತು. ಅವನು ನಮ್ಮ ಮಹಡಿಯವಳ ಕಡೆ ತಿರುಗಿದ. "ಇವ್ರು ನಿಮಗೆ ಗೊತ್ತಾ?"

"ನಮ್ಮ ಮನಿ ಓನರ್ರು ಸಾರ್."

"ಓಹೋ, ಹಾಗೆ. ನಾಳೆಯಿಂದ ನೀವು ಗೋಡೌನಲ್ಲಿ ಅನ್‌ಲೋಡಿಂಗ್ ನೋಡ್ಕೊಳ್ಳಿ."

ಬೈದರೆ ನನ್ನನ್ನು ಬೈಯಲಿ, ಹೊರಗೆ ಹಾಕಿದರೂ ಹಾಕಲಿ ಅಂತ ಗಟ್ಟಿಯಾಗಿ ನಿಂತಿದ್ದೆ. ಏಟು ಅವಳಿಗೆ ಬೀಳುತ್ತದೆಂದು ಯೋಚಿಸಿಯೇ ಇರಲಿಲ್ಲ. "ಅವರು ನನಗೆ ಏನೂ ಹೇಳ್ಕೊಟ್ಟಿಲ್ಲ, ರೇಟು ನಿಮ್ಮ ಪೊಟ್ಟಣದ ಮೇಲೇ ಇದೆ," ಎಂದೆ. ಅವನು ಕೇಳಿಸಿಕೊಳ್ಳದೆ ಹೋದ.

ಸಂಜೆ ಅವಳು ಕೆಲಸ ಮುಗಿಸಿ ಬಂದದ್ದು ಕೇಳಿಸಿದ ಮೇಲೆ ಮಹಡಿ ಹತ್ತಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು, ಮಗಳು ಹೋಂವರ್ಕ್ ಮಾಡುತ್ತಿತ್ತು. ಬಾಗಿಲಲ್ಲೇ ನಿಂತೆ.

"ನನ್ನಿಂದ ನಿನಗೆ ತೊಂದರೆ ಆಯ್ತಮ್ಮ. ನಾನು ಬಂದು ಮಾತಾಡ್ತೀನಿ, ಬೇಕಾದ್ರೆ ಸಾರಿ ಕೇಳ್ತೀನಿ."

ಅವಳು ಕೈ ಒರೆಸಿಕೊಂಡು ಎದ್ದಳು. "ಯಾಕ್ರಿ ಅಮ್ಮಾರ? ನೀವು ಹೇಳಿದ್ದು ಸುಳ್ಳಿತ್ತೇನ್ರಿ? ಹೊಸ ರೇಟು ಹಾಕಿದ ಅರ್ಧ ಕೆಜಿ ಪಾಕೀಟ ಬಂದಾಗನ ನನಗ ಗೊತ್ತಾಗಿತ್ರಿ. ಕೆಜಿ ಪಾಕೀಟ ಕೆಳಗ ಇಡ್ರಿ ಅಂದ್ರು, ನಾನ ಇಟ್ಟೇನಿ. ಮೂರು ದಿನ ಅಲ್ಲಿ ನಿಂತು ಫ್ರೀ, ಫ್ರೀ ಅಂತ ಒದರೂದ್ರಾಗ ಬಾಯಿ ಒಣಗಿತ್ತು. ಅದಕಿಂತ ಚೀಲ ಹೊರೂದ ಚಲೋ."

"ಕೆಲಸದಿಂದ ತೆಗೆದುಬಿಟ್ರೆ?"

"ತಗೀಲಿ ನೋಡೂಣು. ಹಬ್ಬದ ಟೈಮಿನ್ಯಾಗ ಅವರಿಗೆ ಮಂದಿ ಎಲ್ಲಿ ಸಿಗ್ತಾರ್ರಿ?"

ಕಿಟಕಿಯ ಮೇಲೆ ಶಾಂಪೂ ಸ್ಯಾಚೆಗಳ ಮಾಲೆ ನೇತಾಡುತ್ತಿತ್ತು. ಉಪದೇಶ ಮಾಡುವ ಚಟ ನನಗೆ. "ಇದರ ಬದಲು ಬಾಟ್ಲಿ ತಗೊಂಡ್ರೆ ಉಳಿಯತ್ತಲ್ಲಮ್ಮ," ಎಂದೆ.

ಅವಳು ಒಂದನ್ನು ಹರಿದು ನನ್ನ ಕೈಗಿತ್ತಳು. "ನೀವ ಓದ್ರಿ." ಎರಡು ರೂಪಾಯಿ, ಆರು ಮಿಲಿಲೀಟರ್. ಮಿಲಿಗೆ ಮೂವತ್ತಮೂರು ಪೈಸೆ. ನಮ್ಮ ಬಚ್ಚಲಿನಲ್ಲಿದ್ದದ್ದು ಅದೇ ಶಾಂಪೂವಿನ ನೂರ ಎಂಬತ್ತು ಮಿಲಿಯ ಬಾಟಲಿ, ನೂರ ನಲವತ್ತು ರೂಪಾಯಿ ಕೊಟ್ಟದ್ದು. ಮಿಲಿಗೆ ಎಪ್ಪತ್ತೆಂಟು ಪೈಸೆ! ಗ್ರಾಂ ಲೆಕ್ಕದಲ್ಲಿ ನನ್ನಷ್ಟು ಜಾಣೆ ಯಾರೂ ಇಲ್ಲ ಎಂದುಕೊಂಡವಳು, ದೊಡ್ಡದು ಅಗ್ಗವೇ ಇರುತ್ತದೆಂದು ನಂಬಿ ಅದನ್ನು ಒಮ್ಮೆಯೂ ಭಾಗಿಸಿ ನೋಡಿರಲಿಲ್ಲ.

"ಇದು ನನಗ ಮೊದಲ ಗೊತ್ರಿ," ಎಂದು ಅವಳು ನಕ್ಕಳು. ಅಂದು ಅವಳ ರೊಟ್ಟಿ, ಬದನೆಯ ಎಣಗಾಯಿ ಪಲ್ಯ ತಿಂದೇ ಕೆಳಗಿಳಿದೆ.

ಮರುದಿನ ಬೆಳಿಗ್ಗೆ ನಾನು ಚೀಲ ಎತ್ತಿಕೊಂಡಾಗ ಯಜಮಾನರು ಬಾಗಿಲಿಗೆ ಅಡ್ಡ ನಿಂತರು. "ಅಲ್ಲಿಗೇ ಮತ್ತೆ ಹೋಗ್ತೀಯಾ? ಊರಲ್ಲಿ ಬೇರೆ ಅಂಗಡಿ ಇಲ್ವಾ?"

"ಇದೆ. ಆದ್ರೆ ಅಲ್ಲಿಂದ ಓಡಿಬಂದ್ಲು ಅಂತ ಆಗ್ಬಾರ್ದು."

ಅಂಗಡಿಯಲ್ಲಿ ಬಿಲ್ಲಿಂಗ್ ಕೌಂಟರಿನ ಮುಂದೆ ಗಿರಿನಗರದ ಆ ಹಿರಿಯರು ನಿಂತಿದ್ದರು. ಹಿಂದಿನ ದಿನ ನನ್ನ ಮಾತಿಗೆ ತಲೆಯಾಡಿಸಿದರೂ ಸಂಕೋಚಕ್ಕೆ ನಾಲ್ಕನ್ನೂ ಕೊಂಡು ಹೋಗಿದ್ದರಂತೆ. ಮನೆಯಲ್ಲಿ ಕೂತು ಲೆಕ್ಕ ಹಾಕಿ, ಐವತ್ತೆರಡು ರೂಪಾಯಿ ಹೆಚ್ಚು ಕೊಟ್ಟದ್ದು ಗೊತ್ತಾಗಿ, ಒಡೆಯದ ಪೊಟ್ಟಣಗಳನ್ನು ಬಿಲ್ಲಿನ ಸಮೇತ ಕೌಂಟರಿನ ಮೇಲೆ ಸಾಲಾಗಿ ಇಟ್ಟಿದ್ದರು.

"ಆಫರ್ ಐಟಂ ರಿಟರ್ನ್ ಇಲ್ಲ ಮೇಡಂ," ಎನ್ನುತ್ತಿದ್ದ ಮ್ಯಾನೇಜರ್.

"ಹಾಗಂತ ಬಿಲ್ಲಲ್ಲಿ ಎಲ್ಲಿದೆ? ಏಳು ದಿನದೊಳಗೆ ವಾಪಸ್ ತಗೋತೀವಿ ಅಂತ ಇದೆ. ನೀವೇ ಓದಿ," ಎಂದರು ಅವರು. ನನ್ನನ್ನು ಕಂಡು, "ಇವರನ್ನೂ ಕೇಳಿ," ಎಂದರು. ನಾನು ಅವರ ಪಕ್ಕದಲ್ಲಿ ಹೋಗಿ ನಿಂತೆ. ಹಿಂದೆ ಸಾಲು ಬೆಳೆಯಿತು. ಇನ್ನೂ ಇಬ್ಬರು ಬುಟ್ಟಿಯಿಂದ ಬೇಳೆ ತೆಗೆದು ಪಕ್ಕಕ್ಕಿಟ್ಟರು. ಮ್ಯಾನೇಜರ್ ಒಮ್ಮೆ ಸಾಲು ನೋಡಿ, ಒಮ್ಮೆ ನಮ್ಮನ್ನು ನೋಡಿ, ದುಡ್ಡು ವಾಪಸ್ ಕೊಟ್ಟ. ನಾವಿಬ್ಬರೂ ಬಗ್ಗಿ ಕೆಳಗಿನ ಶೆಲ್ಫಿನಿಂದ ಒಂದೊಂದು ಕೆಜಿ ಎತ್ತಿಕೊಂಡೆವು. ಪಾತ್ರೆ ಸೋಪಿನ ಮೂರರ ಕಟ್ಟು ಬಿಡಿ ಸೋಪಿಗಿಂತ ನಿಜವಾಗಿಯೂ ಅಗ್ಗವಿತ್ತು, ಕೆಡುವ ವಸ್ತುವೂ ಅಲ್ಲ. ಅದನ್ನು ಇಬ್ಬರೂ ಎರಡೆರಡು ಕೊಂಡೆವು. ಒಳ್ಳೆಯ ಆಫರನ್ನು ಬಿಡುವಷ್ಟು ಹಟ ನನಗಿಲ್ಲ.

ಹಬ್ಬ ಕಳೆಯುವ ಹೊತ್ತಿಗೆ ಆ ರಾಶಿ ಕರಗದೆ ಕೆಂಪು ಬೋರ್ಡು ಇಳಿಯಿತು. ಬೇಳೆಯ ಸಾಲಿನಲ್ಲಷ್ಟೇ ಕೆಜಿಗೆ ಎಷ್ಟು ಎಂಬ ಸಣ್ಣ ಚೀಟಿಗಳು ಬಂದವು. ತುಪ್ಪದ ಸಾಲಿನಲ್ಲಿ ಇಂದಿಗೂ ಇಲ್ಲ. ಅಲ್ಲಿ ಅರ್ಧ ಲೀಟರಿಗೆ ಮುನ್ನೂರ ಮೂವತ್ತು, ಇನ್ನೂರು ಮಿಲಿಗೆ ನೂರ ಇಪ್ಪತ್ತನಾಲ್ಕು. ಸಣ್ಣದೇ ಅಗ್ಗ. ನಾನು ಈಗಲೂ ನೋಟ್‌ಬುಕ್ ಹಿಡಿದೇ ಹೋಗುತ್ತೇನೆ, ಮ್ಯಾನೇಜರ್ ಈಗ ಬೇಡ ಎನ್ನುವುದಿಲ್ಲ, ನಮಸ್ಕಾರವನ್ನೂ ಹೇಳುವುದಿಲ್ಲ.

ನಮ್ಮ ಮಹಡಿಯವಳನ್ನು ಮೂರು ವಾರದ ನಂತರ ಗೋಡೌನಿನಿಂದ ಮತ್ತೆ ಮಳಿಗೆಗೆ ಕರೆದರು. ಮೊನ್ನೆ ತುಪ್ಪದ ಸಾಲಿನಲ್ಲಿ ಒಬ್ಬರು ಅವಳನ್ನು ಯಾವುದು ತಗೊಳ್ಳಲಿ ಎಂದು ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಮ್ಯಾನೇಜರ್ ಹತ್ತು ಹೆಜ್ಜೆ ದೂರದಲ್ಲಿದ್ದ. ಅವಳು ದನಿ ತಗ್ಗಿಸಲಿಲ್ಲ.

"ಎರಡೂ ಕೈಯಾಗ ಹಿಡೀರಿ ಅಕ್ಕಾರ, ಹಿಂದ ತಿರುವಿ ಓದ್ರಿ, ಆಮ್ಯಾಲೆ ನೀವ ಹೇಳ್ರಿ," ಎಂದಳು.