ಗಾಡಿ ಕಟ್ಟೆಗೆ ಬರಲಿ

ನನ್ನ ಎಡಗಾಲಿನ ಬಗ್ಗೆ ಊರಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ನನ್ನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಚಿಕ್ಕವನಿದ್ದಾಗ ಜ್ವರ ಬಂದು ಆ ಕಾಲು ಸೊರಗಿತು, ಮತ್ತೆ ತುಂಬಿಕೊಳ್ಳಲಿಲ್ಲ. ಬಗಲಿಗೆ ಕೋಲು ಕೊಟ್ಟುಕೊಂಡು ನಡೆಯುತ್ತಿದ್ದೆ. ಹುಲಗೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಹಿರಿಯರು ನನ್ನನ್ನು ಕಂಡಾಗಲೆಲ್ಲ ಅವ್ವನಿಗೆ ಒಂದೇ ಮಾತು ಹೇಳುತ್ತಿದ್ದರು: “ಪಾಪ, ಕುಂತು ಮಾಡೋ ಕೆಲಸ ಯಾವುದಾರ ಹಚ್ಚಬೇ ಹುಡುಗಗ.” ಆ ‘ಪಾಪ’ ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಕುಂತು ಮಾಡುವ ಕೆಲಸವೆಂದರೆ ಅವರ ಲೆಕ್ಕದಲ್ಲಿ ಹೊಲಿಗೆ. ಶಿಗ್ಗಾಂವಿಯಲ್ಲಿ ಅಕ್ಕನ ಗಂಡನಿಗೆ ಹೊಲಿಗೆ ಅಂಗಡಿ ಇತ್ತು. ನನ್ನನ್ನು ಅಲ್ಲಿ ಬಿಟ್ಟುಬಂದರು. ಹೊಲಿಗೆ ಯಂತ್ರವನ್ನು ತುಳಿಯಬೇಕು, ತುಳಿಯಲು ಕಾಲು ಬೇಕು ಎಂಬುದು ನನ್ನನ್ನು ಅದರ ಮುಂದೆ ಕೂರಿಸುವ ತನಕ ಇಡೀ ಬಳಗದಲ್ಲಿ ಯಾರಿಗೂ ಹೊಳೆಯಲಿಲ್ಲ! ಒಂದೇ ಕಾಲಿನಿಂದ ತುಳಿದೆ. ಗಾಲಿ ಹಿಂದಕ್ಕೆ ತಿರುಗಿ ದಾರ ಹರಿಯಿತು. ಆಮೇಲೆ ಕೈಯಿಂದ ತಿರುಗಿಸುವ ಯಂತ್ರ ತಂದರು. ಅದರಲ್ಲಿ ಚೆಂದಾಗಿ ಹೊಲಿಯುವವರಿದ್ದಾರೆ, ನಾನು ನೋಡಿದ್ದೇನೆ. ನಾನು ಹೊಲಿದ ಅಂಗಿಗೆ ಮಾತ್ರ ಒಂದು ತೋಳು ಮೊಣಕೈವರೆಗೆ, ಇನ್ನೊಂದು ಮಣಿಕಟ್ಟಿನವರೆಗೆ ಬಂತು. ಖರೆ ಹೇಳಬೇಕೆಂದರೆ ಅದು ಕಾಲಿನ ತಪ್ಪಲ್ಲ. ನನಗೆ ಹೊಲಿಗೆ ಸೇರುತ್ತಿರಲಿಲ್ಲ, ಅಷ್ಟೇ. ಆದರೆ ಕುಂಟನಿಗೆ ಕೆಲಸ ಸೇರಬೇಕು, ಸೇರಬಾರದು ಎಂಬುದೆಲ್ಲ ಎಲ್ಲಿಯದು?

ಮುಂದೆ ಹಾನಗಲ್ಲಿನ ಒಂದು ಅಕ್ಕಿ ಅಂಗಡಿಗೆ ಲೆಕ್ಕ ಬರೆಯಲು ಕಳಿಸಿದರು. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಸಾವುಕಾರರು ಒಳ್ಳೆಯವರು, ಬೈಯಲಿಲ್ಲ. ಸುಗ್ಗಿ ಮುಗಿಯುವುದರೊಳಗೆ ಒಂದು ಚೀಲ ಅಕ್ಕಿ ಹೇರಿಸಿ ಮನೆಗೆ ಕಳಿಸಿಕೊಟ್ಟರು.

ನನಗೆ ದೇವರು ಕೊಟ್ಟದ್ದು ಗಂಟಲು. ಜೋಳ ಹಾಲುಗಾಳಾದಾಗ ಹಕ್ಕಿ ಕಾಯಲು ನನ್ನನ್ನು ಹೊಲದ ಮಂಚಿಗೆಯ ಮೇಲೆ ಹತ್ತಿಸಿ ಕೂರಿಸುತ್ತಿದ್ದರು. ಕವಣೆ ಬೀಸಬೇಕೆಂದರೆ ಕಾಲೂರಿ ನಿಲ್ಲಬೇಕು. ನಾನು ಕೂತಲ್ಲಿಂದಲೇ ಕೂಗುತ್ತಿದ್ದೆ. ನಮ್ಮ ಹೊಲದ್ದಷ್ಟೇ ಅಲ್ಲ, ಆಚೆ ಹೊಲದ ಹಕ್ಕಿಗಳೂ ಏಳುತ್ತಿದ್ದವು. ಆ ಹೊಲದವರು ನಮ್ಮ ಪುಣ್ಯದಲ್ಲಿ ಕಾವಲುಗಾರನಿಲ್ಲದೆ ಸುಗ್ಗಿ ಮಾಡಿಕೊಂಡರು ಎಂದು ಅವ್ವ ಆಡಿಕೊಳ್ಳುತ್ತಿದ್ದಳು.

ರಾಜ್ಯ ಒಂದಾದ ಮೇಲಿನ ಮಾತು. ಹುಬ್ಬಳ್ಳಿಯಲ್ಲಿ ಹೆಸರು ಬರೆಸಿದರೆ ಕೆಲಸಕ್ಕೆ ಕರೆಯುತ್ತಾರೆ ಎಂದು ಯಾರೋ ಹೇಳಿದರು. ಯಲವಿಗಿಯಲ್ಲಿ ರೈಲು ಹತ್ತಿದೆ. ಉದ್ಯೋಗ ವಿನಿಮಯ ಕಚೇರಿಯ ಮೇಜಿನ ಆಚೆ ದಪ್ಪ ಕನ್ನಡಕದ ಅಧಿಕಾರಿಯೊಬ್ಬರು ಕೂತಿದ್ದರು. ನನ್ನ ಕೋಲು ನೋಡಿದರು, ‘ಪಾಪ’ ಅನ್ನಲಿಲ್ಲ.

“ಏನು ಆಗೋದಿಲ್ಲ ಅಂತ ಎಲ್ಲಾರೂ ಹೇಳಿರ್ತಾರ. ಏನು ಆಗತೈತಿ, ಅದನ್ನ ಹೇಳ್ರಿ.”

ನನಗೆ ‘ರಿ’ ಹಚ್ಚಿ ಮಾತಾಡಿದ ಮೊದಲ ದೊಡ್ಡ ಮನುಷ್ಯ ಅವರು. ಅವರು ಬಿಡದೆ ಕೇಳುತ್ತ ಹೋದರು: ಎಷ್ಟು ಹೊತ್ತು ನಿಲ್ಲಬಲ್ಲೆ, ಹಿಡಿದುಕೊಳ್ಳಲು ಆಸರೆಯಿದ್ದರೆ ಮೆಟ್ಟಿಲು ಹತ್ತಬಲ್ಲೆನೇ, ಭಾರ ಎತ್ತಬಲ್ಲೆನೇ, ಹತ್ತಿಯ ಜಾತಿ ಗೊತ್ತೇ, ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ?

“ಕೂಗೋದ್ರಾಗ್ರಿ,” ಅಂದೆ.

“ಕೂಗ್ರಿ ನೋಡೋಣು.”

ಕೂಗಿದೆ. ಎದುರಿನ ಚಹಾದಂಗಡಿಯವ ಕಿಟ್ಲಿ ಹಿಡಿದುಕೊಂಡೇ ಹೊರಗೆ ಬಂದು ನಿಂತ. ಅಧಿಕಾರಿ ನಕ್ಕು, ನನ್ನ ಹೆಸರಿನ ಕಾರ್ಡಿನ ಮೇಲೆ ಏನೋ ಬರೆದುಕೊಂಡರು.

ಮುಂದಿನ ಹತ್ತಿ ಸುಗ್ಗಿಯ ಹೊತ್ತಿಗೆ ಕರೆ ಬಂತು. ನಮ್ಮ ಸೀಮೆಯ ಒಂದು ಹತ್ತಿ ಪೇಟೆಗೆ ಲಿಲಾವು, ಅಂದರೆ ಹರಾಜು, ಕೂಗುವವ ಬೇಕಾಗಿದ್ದ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿನವರಿಗೆ ಇನ್ನೂ ನನ್ನ ಮೇಲೆ ಸಿಟ್ಟಿರಬಹುದು. ಮೊದಲು ಅಲ್ಲಿ ದಲಾಲರು ಟವೆಲಿನ ಕೆಳಗೆ ಕೈ ಹಾಕಿ, ಬೆರಳು ಹಿಚುಕಿ ದರ ಮಾತಾಡುತ್ತಿದ್ದರು. ಎಷ್ಟಕ್ಕೆ ಹೋಯಿತೆಂದು ಹತ್ತಿ ಬೆಳೆದವನಿಗೇ ಗೊತ್ತಾಗುತ್ತಿರಲಿಲ್ಲ. ಸರಕಾರ ಅದನ್ನು ನಿಲ್ಲಿಸಿ, ದರವನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕೆಂದು ಕಾಯಿದೆ ಮಾಡಿತ್ತು. ಕೂಗುವವ ಗಾಡಿಯಿಂದ ಗಾಡಿಗೆ ಹೋಗಿ, ಗಾಲಿಯ ಮೇಲೆ ಕಾಲಿಟ್ಟು ಹತ್ತಿ ನಿಂತು, ವ್ಯಾಪಾರಿಗಳು ಹೇಳಿದ ದರ ಕೂಗಬೇಕು. ರೈತ ಒಪ್ಪಿದರೆ ಪಕ್ಕದ ಕಾರಕೂನ ಚೀಟಿ ಬರೆಯುತ್ತಾನೆ. ಕೋಳಿ ಕೆದರುವ ಭಯವೂ ನನಗಿರಲಿಲ್ಲ.

ಪೇಟೆಯ ಕಾರ್ಯದರ್ಶಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಮೆತ್ತಗೆ ಹೇಳಿದರು: “ತಮ್ಮಾ, ಗಾಡಿ ಹತ್ತೋದು ನಿನ್ನ ಕಡಿಂದ ಆಗೂದಿಲ್ಲ. ಗೇಟಿನಾಗ ಕುಂತು ಗಾಡಿಗೆ ನಂಬರ್ ಚೀಟಿ ಕೊಡು. ಪಗಾರ ಅರ್ಧ ಆಗತೈತಿ, ಆದ್ರ ಆರಾಮ ಇರ್ತಿ.”

ಮತ್ತೆ ಕುಂತು ಮಾಡೋ ಕೆಲಸ! “ಆರಾಮ ಬೇಕಾಗಿದ್ರ ಮನ್ಯಾಗ ಮಲಗತಿದ್ನಿರಿ,” ಅಂದುಬಿಟ್ಟೆ. ಮನೆಗೆ ಬಂದಾಗ ಅವ್ವ ತಲೆ ಚಚ್ಚಿಕೊಂಡಳು: “ಅರ್ಧ ರೊಟ್ಟಿನೂ ಒದ್ದು ಬಂದ್ಯಾ?” ಅಕ್ಕನ ಗಂಡ ಕೈಯಂತ್ರಕ್ಕೆ ಎಣ್ಣೆ ಬಿಟ್ಟಿಟ್ಟಿದ್ದಾನೆ ಎಂಬ ಸುದ್ದಿಯೂ ಬಂತು. ಆ ಯಂತ್ರದ ಮುಂದೆ ಜೀವಮಾನವಿಡೀ ಕೂರುವುದನ್ನು ನೆನೆದು ಅವತ್ತೇ ಕೋಲು ಎತ್ತಿಕೊಂಡೆ.

ನಾನು ಹುಬ್ಬಳ್ಳಿಗೆ ಹೋಗಿ ಎಲ್ಲ ಹೇಳಿದೆ. ಕನ್ನಡಕದವರು ಸಿಟ್ಟಾಗಲಿಲ್ಲ. ಮುಂದಿನ ಪೇಟೆಯ ದಿನ ತಾವೇ ಬಂದರು. ಬೇವಿನ ಗಿಡದ ಕೆಳಗೆ ಮುಂಜಾನೆಯಿಂದ ಸಂಜೆವರೆಗೆ ಕೂತು ಲಿಲಾವು ನೋಡಿದರು. ಆ ದಿನ ಕೂಗಿದವ ಎರಡೂ ಕಾಲು ಗಟ್ಟಿಯಿದ್ದ ಆಳು. ಗಾಡಿಗಳು ಅಂಗಳದ ತುಂಬ ಕೊಳ್ಳು ಹರಿದು, ಎತ್ತು ಬಿಚ್ಚಿಕೊಂಡು ಅಡ್ಡಾದಿಡ್ಡಿ ನಿಂತಿದ್ದವು. ಅವನು ಎತ್ತುಗಳ ನಡುವೆ ನುಸುಳಿ, ಹತ್ತಿ, ಇಳಿದು, ಮಧ್ಯಾಹ್ನಕ್ಕೆ ಬಸವಳಿದು ಹೋದ. ಹಿಂದಿನ ಸಾಲಿನ ಗಾಡಿಗಳಿಗೆ ಹೊತ್ತು ಮುಳುಗುವಾಗ ಪಾಳಿ ಬಂತು. ಅಷ್ಟೊತ್ತಿಗೆ ದೊಡ್ಡ ವ್ಯಾಪಾರಿಗಳು ಎದ್ದು ಹೋಗಿದ್ದರು; ಹಿರೇಕೆರೂರು ಕಡೆಯಿಂದ ಬಂದ ರೈತರು ಸಿಕ್ಕ ದರಕ್ಕೆ ಕೊಟ್ಟು ನಡೆದರು.

ಸಂಜೆ ಅಧಿಕಾರಿ ಕಾರ್ಯದರ್ಶಿಯನ್ನು ಕೇಳಿದರು: “ನಿಮಗ ಬೇಕಾಗಿದ್ದು ಗಾಡಿ ಹತ್ತಾವನೋ, ದರ ಕೂಗಾವನೋ?”

“ಕೂಗಾವ್ರಿ. ಹತ್ತೋದು ಹಿಂದಿನಿಂದ ನಡಕೊಂಡು ಬಂದದ್ದು.”

“ಮತ್ತ ಆ ಕಟ್ಟಿ ಯಾತಕ್ಕೈತಿ?”

ಅಂಗಳದ ನಡುವೆ ಎದೆಯುದ್ದದ ಒಂದು ಹಳೆಯ ಕಲ್ಲಿನ ಕಟ್ಟೆ ಇತ್ತು. ಮಾಲು ಇಳಿಸಲು ಕಟ್ಟಿದ್ದು. ಆಗ ಅದರ ಮೇಲೆ ಮಲಗುತ್ತಿದ್ದದ್ದು ನಾಯಿ. ಅವರು ಹೇಳಿದ್ದು ಇಷ್ಟೇ: ಕಟ್ಟೆಗೆ ಮೆಟ್ಟಿಲು, ಮೆಟ್ಟಿಲಿಗೆ ಹಿಡಿದುಕೊಳ್ಳಲು ಒಂದು ಕಟ್ಟಿಗೆಯ ಆಸರೆ, ಮೇಲೆ ಕೂರಲು ಒಂದು ಬಾಕು. ಗಾಡಿಗಳು ಎತ್ತು ಹೂಡಿದಂತೆಯೇ ಒಂದು ಕಡೆಯಿಂದ ಸಾಲಾಗಿ ಬಂದು ಕಟ್ಟೆಯ ಮುಂದೆ ನಿಲ್ಲಲಿ, ಲಿಲಾವು ಆದ ಮೇಲೆ ಇನ್ನೊಂದು ಕಡೆಯಿಂದ ತೂಕಕ್ಕೆ ಹೋಗಲಿ. ಪಗಾರ ಪೂರಾ, ಯಾಕೆಂದರೆ ಕೆಲಸ ಪೂರಾ.

ಪೇಟೆಯ ದೊಡ್ಡ ವ್ಯಾಪಾರಿ ಅಲ್ಲೇ ಇದ್ದರು. ಭಾರಿ ರುಮಾಲು, ಭಾರಿ ಮಾತು. “ಒಬ್ಬ ಕುಂಟನ ಸಲುವಾಗಿ ಇಡೀ ಪೇಟಿ ಎದ್ದು ಓಡಾಡಬೇಕೇನ್ರಿ? ನಾ ಅಂತೂ ನನ್ನ ಗಾದಿ ಬಿಟ್ಟು ಆ ಕಟ್ಟಿಗೆ ಬರೂದಿಲ್ಲ.” ಕಾರ್ಯದರ್ಶಿ ಇಬ್ಬರ ಮುಖವನ್ನೂ ನೋಡಿ, ಒಂದು ಪೇಟೆಯ ದಿನ ನೋಡುವಾ, ಆಗದಿದ್ದರೆ ಗೇಟು ಇದ್ದೇ ಇದೆ ಎಂದರು.

ಮುಂದಿನ ಪೇಟೆಯ ದಿನ ಮುಂಜಾನೆ ಹೊಸ ಮೆಟ್ಟಿಲಿನ ಆಸರೆ ಹಿಡಿದು ಕಟ್ಟೆ ಹತ್ತಿದೆ. ಮೊದಮೊದಲು ಎಲ್ಲ ಗೊಂದಲವೇ. ಕೆಲವು ಗಾಡಿಗಳು ಉಲ್ಟಾ ದಿಕ್ಕಿನಿಂದ ಬಂದವು; ಒಂದು ಜೋಡಿ ಎತ್ತು ಕಟ್ಟೆಯ ಮುಂದೆ ಕಾಲು ಕಿತ್ತಿಡಲು ಒಪ್ಪಲಿಲ್ಲ. ಯಾರೋ ನಕ್ಕರು. ದೊಡ್ಡ ವ್ಯಾಪಾರಿ ಹೇಳಿದಂತೆ ಬರಲೇ ಇಲ್ಲ. ದೂರದ ತಮ್ಮ ಅಂಗಡಿಯ ಗಾದಿಗೆ ಒರಗಿ ಎಲೆ ಅಡಿಕೆ ಮೆಲ್ಲುವುದು ನನಗೆ ಮೇಲಿನಿಂದ ಕಾಣುತ್ತಿತ್ತು. ಅವರು ಬರದಿದ್ದರೆ ದರ ಏರುವುದಿಲ್ಲ. ದರ ಏರದಿದ್ದರೆ ರೈತರೇ ನನ್ನನ್ನು ಇಳಿಸುತ್ತಾರೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಷ್ಟರಲ್ಲಿ ಅಬಲೂರು ಕಡೆಯ ಒಂದು ಗಾಡಿ ಬಂದು ನಿಂತಿತು. ಕಸ ಕಡ್ಡಿಯಿಲ್ಲದ, ಬೆಳ್ಳನೆಯ, ಉದ್ದ ಎಳೆಯ ಹತ್ತಿ. ಒಂದು ಹಿಡಿ ಕಿತ್ತು ಮೇಲೆತ್ತಿ ಹಿಡಿದೆ. ಕಟ್ಟೆಯ ಕೆಳಗಿದ್ದ ಚಿಲ್ಲರೆ ವ್ಯಾಪಾರಿ ಬಾಯಿಗೆ ಬಂದಷ್ಟು ಕಡಿಮೆ ದರ ಹೇಳಿದ. ನಾನು ಜೋಳದ ಹೊಲವನ್ನು ನೆನೆಸಿಕೊಂಡು, ಅಂಗಡಿಯ ಗಾದಿಯತ್ತ ಮುಖ ಮಾಡಿ, ಹೊಟ್ಟೆಯ ತಳದಿಂದ ಆ ದರ ಕೂಗಿದೆ. “ಬೆಳ್ಳಿಯಂಥಾ ಹತ್ತಿ! ಒಂದನೇ ಸಲಾ!”

ಎಲೆ ಅಡಿಕೆ ಮೆಲ್ಲುವುದು ನಿಂತಿತು.

“ಎರಡನೇ ಸಲಾ! ಇಷ್ಟ ಸೋವಿ ಹೋಗತೈತಿ ನೋಡ್ರೀ!”

ರುಮಾಲು ಎದ್ದಿತು. ಒಳ್ಳೆಯ ಹತ್ತಿ ಕಣ್ಣ ಮುಂದೆಯೇ ಕಾಲು ದರಕ್ಕೆ ಇನ್ನೊಬ್ಬನ ಪಾಲಾಗುವುದನ್ನು ಸಹಿಸುವ ವ್ಯಾಪಾರಿ ಎಲ್ಲಿದ್ದಾನೆ? ಚಪ್ಪಲಿ ಮರೆತು, ಧೋತರದ ಚುಂಗು ಎತ್ತಿ ಹಿಡಿದು, ಆ ಭಾರಿ ಮನುಷ್ಯ ಅಂಗಳ ದಾಟಿ ಓಡಿ ಬಂದರು. “ತಡೀ! ತಡೀಪಾ! ಮೂರನೇ ಸಲ ಅನಬ್ಯಾಡ!” ಎಂದು ಕೂಗುತ್ತ, ಕಟ್ಟೆಗೆ ಕೈಯೂರಿ ಏದುಸಿರು ಬಿಟ್ಟು ದರ ಏರಿಸಿದರು. ಇಡೀ ಅಂಗಳ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ, ಕೂಗುವವ ನಗಬಾರದು. ಹೊಸ ದರ ಕೂಗಿದೆ. ಆಮೇಲೆ ಅವರು ಕಟ್ಟೆ ಬಿಟ್ಟು ಕದಲಲಿಲ್ಲ, ಉಳಿದವರೂ ಕದಲಲಿಲ್ಲ. ಕೊನೆಯ ಗಾಡಿಗೂ ಮೊದಲ ಗಾಡಿಯಂತೆಯೇ ಪೈಪೋಟಿಯ ದರ ಬಂತು, ಬಿಸಿಲಿರುವಾಗಲೇ ಲಿಲಾವು ಮುಗಿಯಿತು.

ಕಾರ್ಯದರ್ಶಿ ಪೂರಾ ಪಗಾರದ ಆರ್ಡರು ಕೊಟ್ಟರು. ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದಳು. ಅಕ್ಕನ ಗಂಡನಿಗೆ, ಆ ಯಂತ್ರವನ್ನು ಯಾರಿಗಾದರೂ ಮಾರಿಬಿಡು ಎಂದು ಹೇಳಿಕಳಿಸಿದೆ.

ನಾಲ್ಕಾರು ಸುಗ್ಗಿ ಕಳೆದ ಮೇಲೆ ಒಮ್ಮೆ ಜ್ವರ ಬಂದು ಮಲಗಿದೆ. ನನ್ನ ಬದಲು ಗಟ್ಟಿ ಕಾಲಿನ ಹೊಸಬನೊಬ್ಬನನ್ನು ಕರೆಸಿದರು. ಮಲಗಿದಲ್ಲೇ ನನಗೆ ಹೊಟ್ಟೆ ಉರಿ: ಅವನು ಸರಸರನೆ ಗಾಡಿ ಹತ್ತಿ ಇಳಿದರೆ ನನ್ನ ಕಟ್ಟೆ ಮತ್ತೆ ನಾಯಿಯ ಪಾಲೇ? ಸವಣೂರಿಗೆ ವೀಳ್ಯದೆಲೆ ತರಲು ಹೊರಟಿದ್ದ ಅವ್ವ ದಾರಿಯಲ್ಲಿ ಪೇಟೆ ಹೊಕ್ಕು ನೋಡಿ ಬಂದಳು. ಬಾಗಿಲಲ್ಲೇ ನಗುತ್ತ ನಿಂತಳು.

ಹೊಸಬ ಹುರುಪಿನಿಂದ ಮೊದಲ ಗಾಡಿಯ ಗಾಲಿಯ ಮೇಲೆ ಕಾಲಿಟ್ಟನಂತೆ. ರೈತರೆಲ್ಲ ಒಟ್ಟಿಗೆ ಒದರಿದರಂತೆ. ಭಾರಿ ರುಮಾಲಿನವರು ಅವನ ರಟ್ಟೆ ಹಿಡಿದು ಕೆಳಗಿಳಿಸಿ, ಮೆಟ್ಟಿಲಿನ ಆಸರೆ ತೋರಿಸಿ ಹೇಳಿದರಂತೆ: “ಏ, ಇಲ್ಲಿ ಹಂಗ ನಡಿಯೂದಿಲ್ಲ. ನೀ ಕಟ್ಟಿ ಹತ್ತು. ಗಾಡಿ ಕಟ್ಟಿಗೆ ಬರತೈತಿ.”