ಗುಂಡಿ ಪೂರಾ ತಿರುವಿದ್ರ ಲಗೂ ಥಂಡಿ ಆಗತೈತೇನು?

ಅಣ್ಣಿಗೇರಿಯೊಳಗ ನಮ್ಮದೊಂದು ಸಣ್ಣ ಹೆರಿಗಿ ದವಾಖಾನಿ ಇತ್ತು. ಎಂಬತ್ತರ ದಶಕದ ಮಾತು. ಬಾಣಂತ್ಯಾರಿಗೆ ನಾಲ್ಕು ಕೋಲಿ, ಮುಂದ ಒಂದು ಪಡಸಾಲಿ, ಹಿಂದ ಆಪರೇಶನ್ ಕೋಲಿ. ಡಾಕ್ಟರು ನಾನು. ಸುತ್ತಲಿನ ಹಳ್ಳಿಯವರು ನನಗ ಬಾಯಾರ ಅಂತಿದ್ರು, ನಾ ಹೇಳಿದ್ದು ಕೇಳ್ತಿದ್ರು. ಉಪ್ಪು ಕಡಿಮಿ ತಿನ್ನು ಅಂದ್ರ ತಿಂತಿದ್ರು, ಗುಳಿಗಿ ನುಂಗು ಅಂದ್ರ ನುಂಗ್ತಿದ್ರು. ಆದರ ಆಪರೇಶನ್ ಕೋಲಿಗೆ ಕಿಡಕಿಯೊಳಗ ಕುಂದ್ರಸೋ ಏಸಿ ಬಂತು ನೋಡ್ರಿ, ಅವತ್ತಿನಿಂದ ನನ್ನ ಮಾತಿಗೆ ಕವಡಿ ಕಿಮ್ಮತ್ತು ಉಳಿಲಿಲ್ಲ.

ಆ ಮಶಿನ್‌ಗೆ ಎರಡು ಗುಂಡಿ ಇದ್ದವು. ಒಂದು ಗಾಳಿ ಜೋರು ಮಾಡೋದು, ಇನ್ನೊಂದು ಥಂಡಿದು. ಈಗಿನಂಗ ಡಿಗ್ರಿ ತೋರಸೋ ಅಂಕಿ ಒಂದೂ ಇರಲಿಲ್ಲ. ಥಂಡಿ ಗುಂಡಿ ಸುತ್ತ ಒಂದು ನೀಲಿ ಗೀಟು, ಒಂದು ತುದಿಗೆ ಸಣ್ಣಗ, ಇನ್ನೊಂದು ತುದಿಗೆ ದಪ್ಪಗ. ಆ ದಪ್ಪ ತುದಿ ನೋಡಿದ್ದ ತಡ, ಎಲ್ಲಾರ ಕೈನೂ ಅತ್ತ ಓಡಿತು.

ಮೊದಲನೇ ಕೈ ನಮ್ಮ ಆಯಾನದು. ನಾ ಹುಟ್ಟೋಕಿಂತ ಮೊದಲಿಂದ ಬಾಣಂತನ ಮಾಡಿಕೋತ ಬಂದಾಕಿ, ಕೈಗುಣ ಭಾಳ ಚೊಲೋದು, ಹಟಾನೂ ಅಷ್ಟ. ಆಪರೇಶನ್ ಐತಿ ಅಂದಕೂಡಲೇ ಒಳಗ ಹೋಗಿ ಗುಂಡಿ ಕಟ್ಟಕಡೀತನಕ ತಿರುವಿ ಬರ್ತಿದ್ದಳು.

"ಯಾಕ ಹಂಗ ತಿರುವತಿ?" ಅಂದೆ.

"ಲಗೂನ ಥಂಡಿ ಆಗಲಿ ಅಂತ್ರಿ ಬಾಯಾರ. ಒಲಿಗೆ ಉರಿ ಜಾಸ್ತಿ ಹಾಕಿದ್ರ ನೀರು ಲಗೂ ಕಾಯೂದಿಲ್ಲೇನ್ರಿ?"

ಒಲಿ ಮಾತು ಖರೇನ. ಆದರ ಈ ಮಶಿನ್ ಒಲಿ ಅಲ್ಲ. ಆಕಿನ್ನ ಕುಂದ್ರಿಸಿಕೊಂಡು ಹೇಳಿದೆ. "ನಿಮ್ಮ ಬಾವಿ ಮೋಟಾರು ಐತೆಲ್ಲ, ಅರ್ಧಾ ಟಾಕಿ ತುಂಬಸು ಅಂದ್ರೂ ಅದು ಒಂದ ನಮೂನಿ ನೀರು ಎತ್ತತೈತಿ, ಪೂರಾ ತುಂಬಸು ಅಂದ್ರೂ ಅಷ್ಟ ಎತ್ತತೈತಿ. ಪೂರಾ ಅಂದ್ರ ನಿಲ್ಲೂದು ತಡಾ ಆಗತೈತಿ, ಅಷ್ಟ. ಇದೂ ಹಂಗ. ಈ ಗುಂಡಿ ಜೋರು ಮಾಡೂದಲ್ಲ. ಎಷ್ಟು ಥಂಡಿ ಆದ ಮ್ಯಾಲ ನಿಲ್ಲಬೇಕು ಅಂತ ಹೇಳೂದು."

"ಹೌದ್ರಿ, ಹೌದ್ರಿ," ಅಂದ್ಲು. ಮರುದಿನ ಗುಂಡಿ ಮತ್ತ ಕಟ್ಟಕಡೀಗೆ.

ನನಗೂ ಛಲ ಬಂತು. ಗ್ವಾಡಿಗೆ ಥರ್ಮಾಮೀಟರ್ ಹಾಕಿಸಿದೆ. ಒಂದಿನ ಮಧ್ಯಾಹ್ನ ಕಿಡಕಿ ಬಾಗಿಲಾ ಹಾಕಿ, ಗುಂಡಿ ಕಡೀಗಿಟ್ಟು, ಕೋಲಿ ಇಪ್ಪತ್ತೇಳಕ್ಕ ಇಳಿಯೂತನಕ ಗಡಿಯಾರ ನೋಡಿಕೋತ ಕುಂತೆ. ಮರುದಿನ ಅದ ಹೊತ್ತಿಗೆ, ಅಷ್ಟ ಶೆಕಿ ಇದ್ದಾಗ, ಗುಂಡಿ ನಡುಮಧ್ಯಾ ಇಟ್ಟು ನೋಡಿದೆ. ಎರಡೂ ದಿನ ಹಿಡಿದ ಹೊತ್ತು ಒಂದ! ಫರಕು ಬಂದಿದ್ದು ಆಮ್ಯಾಲ. ನಡುವ ಇಟ್ಟಾಗ ಇಪ್ಪತ್ತೈದರ ಸುತ್ತಮುತ್ತ ಬಂದು ಮಶಿನಿನ ಗುರುಗುರು ನಿಂತು, ಸ್ವಲ್ಪ ದಣಿವಾರಿಸಿಕೊಂಡು, ಮತ್ತ ಚಾಲೂ ಆಗ್ತಿತ್ತು. ಕಡೀಗಿಟ್ಟಾಗ ನಿಲ್ಲೂ ಮಾತ ಇಲ್ಲ, ಇಳೀತು, ಇಳೀತು, ಇಳೀತ ಹೋತು.

"ಈಗ ತಿಳೀತೇನು?" ಅಂದೆ ಆಯಾಗ.

"ನಿನ್ನೆ ಬಿಸಲು ಜಾಸ್ತಿ ಇತ್ರಿ," ಅಂದ್ಲು.

ಆಕಿ ಓದಲಾರದಾಕಿ ಅಂತ ಬಿಡಬಹುದು. ಹುಬ್ಬಳ್ಳಿಯಿಂದ ಒಬ್ಬ ಭೂಲ್ ಕೊಡೋ ಡಾಕ್ಟರು ಬರ್ತಿದ್ರು, ಅಂದ್ರ ಆಪರೇಶನ್‌ದಾಗ ನೋವು ಗೊತ್ತಾಗದಂಗ ಸೂಜಿ ಹಾಕೋರು. ಎಷ್ಟು ಓದಿದ ಮನಷ್ಯಾ! ಬೆವರು ಒರಸಿಕೋತ ಒಳಗ ಬಂದು, ಬ್ಯಾಗು ಇಡೂದಕ್ಕಿಂತ ಮೊದಲ ಗುಂಡಿ ತಿರುವ್ತಿದ್ರು. ನನ್ನ ಪರೀಕ್ಷಾದ ಕಥಿ ಹೇಳಿದ್ರ ನಕ್ಕು, "ಪುಸ್ತಕದ ಮಾತು ಬ್ಯಾರೆ ಬಾಯಾರ, ಅನುಭವ ಬ್ಯಾರೆ," ಅಂದ್ರು. ಅನುಭವ ಅಂತ! ನನ್ನ ತಲಿಗೆ ರಕ್ತ ಏರಿತು.

"ಗಾಳಿ ಬೇಕಾದ್ರ ಗಾಳಿ ಗುಂಡಿ ಜೋರು ಮಾಡ್ರಿ, ಯಾರು ಬ್ಯಾಡಂತಾರ? ಕೋಲಿ ಥಂಡಿ ಇರಬೇಕಂದ್ರ ನಾವು ಮುಂಚೇನ ಚಾಲೂ ಮಾಡಿ ಇಡತೀವಿ. ಆ ಥಂಡಿ ಗುಂಡಿ ಮಾತ್ರ ಮುಟ್ಟಬ್ಯಾಡ್ರಿ."

ನನಗಿದ್ದ ಸಂಕಟ ಬರೇ ಹಟದ್ದಲ್ಲ. ನಮ್ಮ ಊರ ಕರೆಂಟು ನಿಮಗ ಗೊತ್ತಿಲ್ಲ. ಹೊಲದಾಗ ಪಂಪಸೆಟ್ಟು ಚಾಲೂ ಆದ್ರ ದವಾಖಾನಿ ದೀಪ ಕೆಂಪಗಾಗ್ತಿತ್ತು. ಅದರಾಗ ಈ ಮಶಿನ್ ಬಿಡುವಿಲ್ಲದಂಗ ಓಡಿದ್ರ ಆಪರೇಶನ್ ಸಾಮಾನು ಕುದಸೋ ನೀರು ಕುದೀತಿರಲಿಲ್ಲ, ಕೂಸಿನ್ನ ಬೆಚ್ಚಗಿಡೋ ಬಲ್ಬಿನ ಪೆಟ್ಟಿಗಿ ಕಾಯ್ತಿರಲಿಲ್ಲ. ಒಳಗ ಥಂಡಿ ಹೆಚ್ಚಿದಷ್ಟು ಹೊರಗಿನ ಶೆಕಿ ಗ್ವಾಡಿ, ಮಾಳಗಿ ದಾಟಿ ಜೋರಾಗಿ ಒಳಗ ನುಗ್ಗತೈತಿ, ಮಶಿನ್ ಮತ್ತಷ್ಟು ಕರೆಂಟು ತಿಂತೈತಿ. ಇಪ್ಪತ್ತೈದು ಇಪ್ಪತ್ತಾರಕ್ಕ ನಿಲ್ಲಿಸಿದ್ರ ಕರೆಂಟೂ ಉಳೀತೈತಿ, ನಮಗೂ ತಡಕೊಳ್ಳಾಕ ಆಗತೈತಿ. ಎಲ್ಲಾಕ್ಕಿಂತ ಹೆಚ್ಚು, ಹಸಿ ಮೈಯಿಂದ ಹೊರಗ ಬರೋ ಕೂಸಿಗೆ ಅದಕ್ಕಿಂತ ಹೆಚ್ಚಿನ ಥಂಡಿ ತಡಕೊಳ್ಳಾಕ ಆಗೂದಿಲ್ಲ. ದೊಡ್ಡವರು ಹೊದಕೊಂಡು ಕುಂದರತಾರ, ಕೂಸು ಏನು ಮಾಡಬೇಕು?

ಕಡೀಗೆ ಕೆಂಪು ನೇಲ್‌ಪಾಲಿಶ್ ತಂದು, ಇಪ್ಪತ್ತೈದಕ್ಕ ನಿಲ್ಲೋ ಜಾಗಾದಾಗ ಒಂದು ಬೊಟ್ಟು ಇಟ್ಟೆ. "ಗುಂಡಿ ಮೂತಿ ಈ ಬೊಟ್ಟಿಗೆ ಇರಬೇಕು. ಆಕಡೆ ಹೋಗಿದ್ದು ಕಂಡ್ರ ನೋಡ್ರಿ ಮತ್ತ!" ಅಂದೆ. ಅಲ್ಲಿಂದ ಸ್ವಲ್ಪ ದಿನ ಶಾಂತಿ. ಬ್ಯಾರೆಯವರು ತಿರುವಿದ್ರೂ ಆಯಾ ಬಂದು ಬೊಟ್ಟಿಗೆ ಹೊಳ್ಳಿಸಿ ಇಡ್ತಿದ್ದಳು, ಗೊಣಗಿಕೋತ.

ಆಮ್ಯಾಲ ಮಹಾನವಮಿ ಬಂತು. ಖಂಡಿ ಪೂಜಿಗೆ ನಮ್ಮ ಕಡೆ ಯಾವ ಸಾಮಾನೂ ಬಿಡೂದಿಲ್ಲ. ಕುಡಗೋಲು, ಬಂಡಿ, ಮೋಟಾರು, ದವಾಖಾನಿ ಕತ್ತರಿ, ಎಲ್ಲಾಕ್ಕೂ ವಿಭೂತಿ, ಕುಂಕುಮ, ಹೂವು. ಏಸಿ ಅಂತೂ ಆಯಾನ ಪಾಲಿಗೆ ದೊಡ್ಡ ದೇವರು. ಮೂತಿ ತುಂಬ ಕುಂಕುಮ ಮೆತ್ತಿ ಆರತಿ ಬೆಳಗಿದ್ಲು. ಮರುದಿನ ಮುಂಜಾನೆ ಆಪರೇಶನ್ ಕೋಲಿ ಸ್ವಚ್ಛ ಮಾಡಬೇಕಲ್ಲ, ಕುಂಕುಮ ಹೋಗವಲ್ಲದು ಅಂತ ಸ್ಪಿರಿಟ್ ಹಾಕಿ ಗಸಗಸ ತಿಕ್ಕಿದ್ಲು. ಕುಂಕುಮದ ಜೋಡಿ ನನ್ನ ಬೊಟ್ಟೂ ಹೋತು. ಹೋಗಿದ್ದು ಆಕಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ.

ಅವತ್ತ ಬನ್ನಿ ಹಬ್ಬ. ಮಧ್ಯಾಹ್ನಕ್ಕ ತಿರ್ಲಾಪುರದಿಂದ ಟ್ರ್ಯಾಕ್ಟರ್‌ದಾಗ ಒಬ್ಬ ಹುಡುಗಿನ್ನ ಕರಕೊಂಡು ಬಂದ್ರು. ಚೊಚ್ಚಲ ಹೆರಿಗಿ, ದಿನ ತುಂಬಿರಲಿಲ್ಲ, ಕೂಸು ಅಡ್ಡ ಇತ್ತು. ಜೋಡಿ ಬಂದ ಅತ್ತಿ ನನ್ನ ಕೈ ಹಿಡಿದು, "ಎರಡು ಸಲ ಬಸರು ಇಳದೈತ್ರಿ ಬಾಯಾರ. ಇದೊಂದು ನನ್ನ ಉಡಿಗೆ ಹಾಕ್ರಿ," ಅಂದಳು. ಆಪರೇಶನ್ ಬಿಟ್ರ ದಾರಿ ಇರಲಿಲ್ಲ. ಪುಣ್ಯಾಕ್ಕ ಭೂಲ್ ಡಾಕ್ಟರು ಬನ್ನಿ ಕೊಡಾಕ ಅಂತ ನಮ್ಮ ಊರಿಗೇ ಬಂದಿದ್ರು.

ಮಳಿ ಹೋಗಿ ಬಿಸಲು ಚುರುಗುಟ್ಟೋ ಕಾಲ. ಬಾಗಲಾ ಹಾಕಿದ ಕೋಲಿ ಕಾದ ಹಂಚಿನಂಗ ಆಗಿತ್ತು. ಡಾಕ್ಟರು ಒಳಗ ಹೋದ್ರು, ಗುಂಡಿ ಕಡೀಗೆ ತಿರುವಿದ್ರು. ಬೆನ್ನಿಗೆ ಸೂಜಿ ಹಾಕೂದು ಅವತ್ತ ಸಲೀಸ ಆಗಲಿಲ್ಲ, ಒಂದು ಸಲ ತಪ್ಪಿತು, ಎರಡು ಸಲ ತಪ್ಪಿತು. ಅಷ್ಟೊತ್ತು ಮಶಿನ್ ತನ್ನ ಪಾಡಿಗೆ ತಾನು ಓಡಿಕೋತ ಇತ್ತು. ನಾ ಕೈ ತೊಳಕೊಂಡು, ಗೌನು ಹಾಕ್ಕೊಂಡು, ಕೈಗವಸು ಏರಿಸಿಕೊಂಡು ಒಳಗ ಕಾಲಿಟ್ರ ಮೈ ಜುಮ್ ಅಂತು. ಗ್ವಾಡಿ ಮ್ಯಾಲಿನ ಥರ್ಮಾಮೀಟರ್‌ದಾಗ ಹತ್ತೊಂಬತ್ತು! ಹುಡುಗಿ ಹಲ್ಲು ಕಟಕಟ ಕಡೀತಿದ್ಲು.

"ಆಯಾ, ಬೊಟ್ಟಿಗೆ ತಂದಿಡು!"

ಆಯಾ ಗುಂಡಿ ಮುಂದ ನಿಂತ್ಲು, ಬಗ್ಗಿ ನೋಡಿದ್ಲು, ಸೆರಗಿನಿಂದ ಒರಸಿ ನೋಡಿದ್ಲು. "ಬೊಟ್ಟ ಇಲ್ಲರೀ ಬಾಯಾರ!"

"ಇಲ್ಲಂದ್ರ ಬಂದ್ ಮಾಡು!"

"ಬಂದ್ ಬ್ಯಾಡ್ರಿ," ಅಂದ್ರು ಡಾಕ್ಟರು. "ಈಗ ಚೊಲೋ ಥಂಡಿ ಆಗೈತಿ. ಬಂದ್ ಮಾಡಿದ್ರ ಮತ್ತ ಅರ್ಧಾ ತಾಸು ಬೇಕು." ಆಯಾ ನನ್ನ ಮಾರಿ ನೋಡಿದ್ಲು, ಅವರ ಮಾರಿ ನೋಡಿದ್ಲು, ಕೈ ಗಾಳ್ಯಾಗ ಹಂಗ ನಿಂತಿತು. ಗುಂಡಿ ನನ್ನಿಂದ ನಾಕು ಹೆಜ್ಜಿ, ತೊಳೆದ ಕೈಲೆ ಮುಟ್ಟಂಗಿಲ್ಲ. ಅಷ್ಟರಾಗ ಕೂಸಿನ ಎದಿಬಡಿತ ಸಾವಕಾಶ ಆಗಾಕ ಹತ್ತಿತು. ಗುಂಡಿ ಜೋಡಿ ಜಗಳಾಡೋ ಹೊತ್ತಲ್ಲ. ಚಾಕು ತಗೊಂಡೆ.

ಗಂಡುಕೂಸು. ಒಂದು ಸಣ್ಣ ಧ್ವನಿ ತಗದು ಸುಮ್ಮನಾತು. ಆಯಾ ಒರಸಿ ಬಲ್ಬಿನ ಪೆಟ್ಟಿಗ್ಯಾಗ ಇಡಾಕ ಹೋದ್ಲು. ಬಲ್ಬು ಮಿಣಮಿಣ ಅಂತಿತ್ತು, ಪೆಟ್ಟಿಗಿ ಅಗದಿ ತಣ್ಣಗ. ಇದ್ದ ಕರೆಂಟೆಲ್ಲ ಆ ಏಸಿ ದೇವರ ತಿಂದಿತ್ತು! "ಬಂದ್ ಮಾಡ್ರಿ ಅಂದ್ನೆಲ್ಲ!" ಅಂತ ನಾ ಒದರಿದ್ದು ಪಡಸಾಲಿತನಕ ಕೇಳಿತಂತ. ಈ ಸಲ ಡಾಕ್ಟರ ಹೋಗಿ ಬಂದ್ ಮಾಡಿದ್ರು. ಬಲ್ಬು ಪಕ್ಕನ ಬೆಳಗಿತು. ಆದರ ಪೆಟ್ಟಿಗಿ ಕಾಯೂತನಕ ಕಾಯೂದು ಯಾರು? ಕೂಸಿನ ತುಟಿ ನೀಲಿ, ಕೈಕಾಲು ಬಿಟ್ಟಿತ್ತು.

"ಹೊರಗ ಒಯ್ಯಿ! ಅವರತ್ತಿ ಎದಿಗೆ ಹಚ್ಚು, ಬರೀ ಮೈಗೆ! ಮ್ಯಾಲ ಕಂಬಳಿ ಹೊಚ್ಚು!"

ಆಯಾ ಓಡಿದ್ಲು. ನಾ ಹೊಲಿಗಿ ಹಾಕಿಕೋತ ನಿಂತೆ. ಕೈ ಕೆಲಸ ಮಾಡ್ತಿದ್ದವು, ಕಿವಿ ಹೊರಗಿದ್ದವು. ಕಡೇ ಹೊಲಿಗಿ ಹಾಕೂದರಾಗ ಪಡಸಾಲಿಯಿಂದ ಕೂಸು ಕಿಟಾರನೆ ಚೀರಿತು. ಮಲಗಿದಲ್ಲೇ ಹುಡುಗಿ ಅಳಾಕ ಹತ್ತಿದ್ಲು. ನನ್ನ ಕಣ್ಣಾಗೂ ನೀರು ಬಂದವು, ಸಿಟ್ಟಿನ ನೀರು.

ಅಷ್ಟಾದ ಮ್ಯಾಲ ಬುದ್ಧಿ ಬಂದಿರಬೇಕು ಅಂತೀರಿ? ಮುಂದಿನ ಆಪರೇಶನ್‌ಗೆ ಡಾಕ್ಟರು ಬಂದ್ರು, ಬೆವರು ಒರಸಿಕೊಂಡ್ರು, ಕೈ ಸೀದಾ ಗುಂಡಿಗೆ ಹೋತು. ಹೋದ ಕೈ ಅಲ್ಲೇ ತಡವರಿಸಿತು, ಯಾಕಂದ್ರ ಗುಂಡಿನ ಇರಲಿಲ್ಲ. ಇಪ್ಪತ್ತೈದಕ್ಕ ಇಟ್ಟು, ಜಗ್ಗಿ ಕಿತ್ತಿ, ನನ್ನ ಬಿಳಿ ಕೋಟಿನ ಕಿಸೆದಾಗ ಹಾಕ್ಕೊಂಡಿದ್ದೆ. "ಇದೇನ್ರಿ ಬಾಯಾರ, ಮಶಿನ್ ಕಿವಿ ಹರದೀರಿ?" ಅಂದ್ರು. "ಹೌದ್ರಿ, ನಿಮ್ಮದು ಹರಿಯಾಕ ಬರೂದಿಲ್ಲಲ್ಲ," ಅಂದೆ.

ಮರುವರ್ಷ ಖಂಡಿ ಪೂಜಿ ದಿನ ತಿರ್ಲಾಪುರದ ಅತ್ತಿ ಮೊಮ್ಮಗನ್ನ ಬಗಲಾಗ ಎತ್ತಿಕೊಂಡು ಬಂದಳು. ಕೈಯಾಗ ಕಾಯಿ, ಊದಿನಕಡ್ಡಿ. ಎಲ್ಲಿ ಹೋಗ್ತಾಳ ಅಂತ ನೋಡಿದ್ರ, ಆಯಾ ಆಕಿನ್ನ ಸೀದಾ ಆಪರೇಶನ್ ಕೋಲಿ ಬಾಗಲಕ್ಕ ಕರಕೊಂಡು ಹೋದ್ಲು. ಇಬ್ಬರೂ ಏಸಿಗೆ ಕೈ ಮುಗಿದು ನಿಂತಿದ್ರು! "ಈ ಮಶಿನ್ ಇದ್ದದ್ದಕ್ಕ ನಮ್ಮ ಹುಡುಗ ಉಳದಾನಂತ್ರಿ ಬಾಯಾರ," ಅಂದಳು ಮುದುಕಿ, ಕಣ್ಣಾಗ ನೀರು ತಂದು.

ಹೇಳಬೇಕಂದೆ, ನಿನ್ನ ಎದಿ ಕಾವಿಗೆ ಉಳದಾನವ್ವಾ, ಈ ಮಶಿನ್ ಕೈಯಾಗಿಂದ ಪಾರಾಗ್ಯಾನ ಅಂತ. ಹೇಳೂದರಾಗ ಆ ಹುಡುಗ ನನ್ನ ಕಡೆ ಬಗ್ಗಿ, ಕಿಸೆದಾಗ ಕೈ ಹಾಕಿ ಗುಂಡಿ ತಗದು, ಸೀದಾ ಬಾಯಾಗ ಇಟಗೊಂಡು ಕಡ್ಯಾಕ ಹತ್ತಿದ. ಅತ್ತಿ, ಆಯಾ ಇಬ್ಬರೂ ಬಿಡಸಾಕ ಬಂದ್ರು.

"ಬಿಡ್ರಿ ಅವನ್ನ," ಅಂದೆ. "ಕಡೀಲೇ ತಮ್ಮಾ, ಕಡಿ. ನಿನಗ ಹಕ್ಕ ಐತಿ."